ಹನ್ನೆರಡನೇ ಫಾಲೋವರ್

ಬ್ಯಾಂಡ್ ಮಾಸ್ತರರಿಗೆ ಅನುಮಾನವೆಂಬುದು ಕಾಯಿಲೆಯಾಗಿರಲಿಲ್ಲ, ಕಸುಬೇ ಆಗಿತ್ತು. ಹಾಲಿನವನು ಸುರಿದ ಹಾಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ನಾಲ್ಕನೇ ಸಲ ಜಗ್ಗುತ್ತಿದ್ದರು. ಬ್ಯಾಂಡಿಗೆ ಹದಿನೈದು ನೀಲಿ ಕೋಟು ಹೊಲಿಸಿದಾಗ ಉಳಿದ ಬಟ್ಟೆಯಲ್ಲಿ ಒಂದು ಗೇಣು ಕಡಿಮೆ ಬಂತೆಂದು ಹನ್ನೊಂದು ವರ್ಷ ಆ ದರ್ಜಿಯ ಅಂಗಡಿಯ ಮುಂದೆ ಕಾಲಿಡಲಿಲ್ಲ. ಎದುರು ಬದಿಯ ಫುಟ್‌ಪಾತಿನಲ್ಲಿ, ಅವನಿಗೆ ಕಾಣುವ ಹಾಗೆಯೇ ನಡೆದು ಹೋಗುತ್ತಿದ್ದರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಹೆಂಡತಿ ಹೇಳಿದರೆ, ಆ ಮಾತನ್ನು ಅವಳಿಗೆ ಯಾರು ಹೇಳಿಕೊಟ್ಟರೆಂದು ಕೇಳುವ ಮನುಷ್ಯ.

ಇಂಥವರು ಲೋಕದಲ್ಲಿ ಒಬ್ಬನನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಅವನು ಹೆಂಡತಿಯ ತಮ್ಮ, ಬ್ಯಾಂಡಿನ ಕ್ಲಾರಿಯೊನೆಟ್ ವಾದಕ. ಹುಡುಗನಾಗಿದ್ದಾಗಿನಿಂದ ಬಾಯಲ್ಲಿ ಏನಾದರೂ ಇಟ್ಟುಕೊಂಡು ಊದುತ್ತಲೇ ಇದ್ದುದರಿಂದ ಎಲ್ಲರೂ ಅವನನ್ನು ಪೀಪಿ ಎಂದೇ ಕರೆಯುತ್ತಿದ್ದರು. ಮಾಸ್ತರರು ಟ್ರಂಪೆಟ್, ಪೀಪಿ ಕ್ಲಾರಿಯೊನೆಟ್. ಇವನು ಒಂದು ಸಾಲು ಕೇಳಿದ ಹಾಗೆ ಊದಿದರೆ ಅವರು ಮುಂದಿನ ಸಾಲಿನಲ್ಲಿ ಉತ್ತರ ಕೊಟ್ಟ ಹಾಗೆ ಊದುವುದು, ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

ಬ್ಯಾಂಡಿನವರ ಅನ್ನ ಇರುವುದು ಹೊಸ ಹಾಡಿನಲ್ಲಿ. ಮದುವೆಯಿರಲಿ, ಅಂಗಡಿ ಉದ್ಘಾಟನೆಯಿರಲಿ, ಶಾಲೆಯ ಕ್ರೀಡಾಕೂಟವಿರಲಿ, ಜನ ಕೇಳುವುದು ನಿನ್ನೆ ಬಂದ ಹಾಡನ್ನು. ಮೊನ್ನೆಯದನ್ನು ಊದಿದರೆ ಕಿವಿ ಕೊಡುವವರಿಲ್ಲ. ಹೊಸ ಹಾಡು ಸಿಕ್ಕಿದರೆ ಪೀಪಿ ನಾಲ್ಕು ಸಲ ಕೇಳಿ, ಒಂದು ಹಾಳೆಯ ಹಿಂದೆ ಸ್ವರ ಗೀಚಿ, ಎರಡು ಗಂಟೆಯಲ್ಲಿ ಉಳಿದ ಹದಿನಾಲ್ಕು ಜನರ ಕೈಗೆ ಕೂರಿಸುತ್ತಿದ್ದ. ಆದರೆ ಹಾಡು ಬಂದಿದೆಯೆಂದು ಗೊತ್ತಾಗಬೇಕಲ್ಲ! ಅದಕ್ಕೆಂದೇ ಬ್ಯಾಂಡಿಗೆ ಒಂದು ಫೋನು ಕೊಂಡಿದ್ದರು. ಪೀಪಿಯ ಸ್ವಂತ ಫೋನು ಗುಂಡಿ ಒತ್ತುವ ಹಳೆಯದು, ಮಾಸ್ತರರದ್ದೂ ಅಂಥದ್ದೇ. ಬ್ಯಾಂಡಿನ ಫೋನು ಟ್ರಂಪೆಟ್ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ, ಮಾಸ್ತರರ ಮನೆಯಲ್ಲೇ ಮಲಗುತ್ತಿತ್ತು. ತಾಲೀಮಿನ ದಿನ ಅದನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಹಾಡು ಕೇಳುತ್ತಿದ್ದರು.

ಅದರಲ್ಲಿ ಹಾಡಿನ ಆ್ಯಪ್ ಹಾಕಿ ಕೊಟ್ಟವನು ಪೀಪಿಯೇ. "ನೋಡಿ ಭಾವ, ಹಾಡು ಹುಡುಕೋದಲ್ಲ ಕೆಲಸ. ಹಾಡು ಮಾಡೋರನ್ನ ಹಿಡ್ಕೋಬೇಕು," ಎಂದು ಒಂಬತ್ತು ಜನ ಸಂಗೀತ ನಿರ್ದೇಶಕರ ಪುಟ ತೆರೆದು, ಒಂದೊಂದರಲ್ಲೂ ಫಾಲೋ ಎಂಬ ಗುಂಡಿ ಒತ್ತಿದ್ದ. ಸೆಟ್ಟಿಂಗ್ಸಿಗೆ ಹೋಗಿ ಹೊಸ ಬಿಡುಗಡೆಗಳ ನೋಟಿಫಿಕೇಶನ್ ಆನ್ ಮಾಡಿದ್ದ. "ಇನ್ಮೇಲೆ ಇವರು ಏನು ಬಿಟ್ರೂ ಇದೇ ಕೂಗಿ ಹೇಳುತ್ತೆ. ನೀವು ನಂಗೊಂದು ಫೋನ್ ಮಾಡಿ, ಸಾಕು."

ಕೂಗಿ ಹೇಳಿತು, ಸುಳ್ಳಲ್ಲ. ಆದರೆ ಹೊಸ ಹಾಡಿನ ಜೊತೆಗೆ ಬೇಡದ್ದನ್ನೂ ಕೂಗಿತು. ನಿಮಗಾಗಿ ಇಂದಿನ ಮಿಕ್ಸ್ ಸಿದ್ಧವಾಗಿದೆ. ನಿಮಗೆ ಇಷ್ಟವಾಗಬಹುದಾದ ಪಾಡ್‌ಕಾಸ್ಟ್. ನಿಮ್ಮ ಹತ್ತಿರದ ಸಂಗೀತ ಕಾರ್ಯಕ್ರಮ. ಮೂರು ತಿಂಗಳು ಅರ್ಧ ಬೆಲೆಗೆ. "ಅವನ್ನೆಲ್ಲ ಒಂದಿನ ಕೂತು ಕಿತ್ತು ಹಾಕ್ತೀನಿ ಭಾವ," ಎನ್ನುತ್ತಿದ್ದ ಪೀಪಿ. ಆ ಒಂದು ದಿನ ಬರಲೇ ಇಲ್ಲ. ಕೆಲಸದಲ್ಲಿ ಚುರುಕಾದರೂ ನಾಳೆ ಎನ್ನುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಹಾಗಿರುವಾಗ ಒಂದು ಕಾರ್ಖಾನೆಯ ಹೊಸ ಕಟ್ಟಡದ ಉದ್ಘಾಟನೆ. ತೀರಿಕೊಂಡ ಹಳೆಯ ಮಾಲೀಕರ ನೆನಪಿಗೆ ಎರಡು ನಿಮಿಷ ಮೌನ. ನಾನೂರು ಜನ ತಲೆ ತಗ್ಗಿಸಿ ನಿಂತಿದ್ದಾರೆ, ಮಾಲೀಕರ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಾರೆ. ಆಗ ಪ್ರಾರ್ಥನೆಯ ಹಾಡಿಗೆಂದು ಫೋನಿಗೆ ಜೋಡಿಸಿಟ್ಟಿದ್ದ ಬ್ಯಾಂಡಿನ ಸ್ಪೀಕರಿನಿಂದ "ಟಣ್!" ಎಂದು ಸದ್ದು ಬಂತು. ಒಂದು ಗಳಿಗೆ ಬಿಟ್ಟು ಮತ್ತೊಂದು "ಟಣ್!" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರು ಬೆವತುಹೋದರು. ಫೋನು ಎತ್ತಿ ನೋಡಿದರೆ ಅದೇ ಹಾಳು ಮಿಕ್ಸು. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಏನೋ ಒಂದು ಚೌಕ ಮೇಲೆದ್ದು ಏನೋ ಕೇಳಿತು, ಕಣ್ಣಿಗೆ ಮೊದಲು ಬಿದ್ದುದನ್ನು ಒತ್ತಿದರು. ಗದ್ದಲ ನಿಂತಿತು. ಮಿಕ್ಸಿನ ಪೀಡೆಯನ್ನು ತಾವೇ ತೊಲಗಿಸಿದೆವೆಂದು ಅವರಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಪೀಪಿಗೆ ಹೇಳಲಿಲ್ಲ, ಹೇಳಿದರೆ ಅವಮಾನವನ್ನು ಇನ್ನೊಮ್ಮೆ ನೆನೆಯಬೇಕಾಗುತ್ತಿತ್ತು.

ಮುಂದಿನ ತಿಂಗಳಿನಿಂದ ಗ್ರಹಚಾರ ಶುರುವಾಯಿತು. ಒಂದೇ ಬೀದಿಯ ಆ ತುದಿಯಲ್ಲಿ ಕೆಂಪು ಬ್ಯಾಂಡು, ಈ ತುದಿಯಲ್ಲಿ ಇವರ ನೀಲಿ ಬ್ಯಾಂಡು. ಕೆಂಪು ಕೋಟಿನವರು ಬೆಳಿಗ್ಗೆಯಷ್ಟೇ ಬಂದ ಹಾಡನ್ನು ಸಂಜೆಗೆ ಊದಿದರು. ಇವರ ಕಡೆಯ ಜನರೆಲ್ಲ ಆ ತುದಿಗೆ ಹರಿದುಹೋಗಿ, ಕೊನೆಗೆ ಇವರ ಮುಂದೆ ನಿಂತವರು ಒಬ್ಬ ಕಿವುಡಜ್ಜ ಮತ್ತು ಬಲೂನು ಮಾರುವವನು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಮದುವೆ ಮನೆಯ ಯಜಮಾನರೇ ಬಂದು, "ಮಾಸ್ತರೇ, ಅವರಿಗೆ ಬರೋ ಹಾಡು ನಿಮಗ್ಯಾಕೆ ಬರಲ್ಲ?" ಎಂದು ಕೇಳಿದರು.

ಮಾಸ್ತರರು ತಾಲೀಮಿನಲ್ಲಿ ಪೀಪಿಯನ್ನು ಕೇಳಿದರು. "ಫೋನ್ ಏನೂ ಕೂಗ್ಲಿಲ್ವಲ್ಲ ಭಾವ? ನೀವೂ ಫೋನ್ ಮಾಡ್ಲಿಲ್ಲ. ಏನೂ ಬಂದಿಲ್ಲ ಅಂದ್ಕೊಂಡೆ," ಎಂದ ಅವನು, ಕ್ಲಾರಿಯೊನೆಟ್ಟಿನ ಊದುವ ತುದಿಯ ರೀಡನ್ನು ನಾಲಿಗೆಯಲ್ಲಿ ನೆನೆಸುತ್ತ. ಎಷ್ಟು ಸಲೀಸಾಗಿ ಹೇಳಿದ! ಮಾಸ್ತರರ ತಲೆಯಲ್ಲಿ ಹುಳ ಹೊಕ್ಕಿತು. ಫೋನು ಕೂಗುತ್ತಿತ್ತು, ಈಗ ಕೂಗುತ್ತಿಲ್ಲ. ಎಂದಮೇಲೆ ಯಾರೋ ಅದರ ಬಾಯಿ ಕಟ್ಟಿದ್ದಾರೆ. ಅದರ ಒಳಗುಟ್ಟು ತಿಳಿದವನು ಯಾರು? ಇಡೀ ಬ್ಯಾಂಡಿನಲ್ಲಿ ಒಬ್ಬನೇ.

ಅನುಮಾನ ಒಮ್ಮೆ ಒಳಗೆ ಬಂದರೆ ಸಾಕ್ಷಿಗಳನ್ನು ತಾನೇ ಕರೆದುಕೊಂಡು ಬರುತ್ತದೆ. ಪೀಪಿ ತಾಲೀಮಿಗೆ ಹೊಸ ಬೂಟು ಹಾಕಿಕೊಂಡು ಬಂದ, ಯಾರು ಕೊಡಿಸಿದ್ದು? ಬಿಡುವಿನಲ್ಲಿ ಬ್ಯಾಂಡಿನ ಫೋನನ್ನು ಕೈಗೆತ್ತಿಕೊಂಡು ನೋಡಿದ, ಏನು ಅಳಿಸಿದ? ಕೊನೆಗೆ ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಅವನು ಕೆಂಪು ಬ್ಯಾಂಡಿನ ಡ್ರಮ್ಮಿನವನ ಜೊತೆ ಒಂದೇ ಬೆಂಚಿನಲ್ಲಿ ಕೂತು ನಗುತ್ತಿದ್ದುದನ್ನು ಮಾಸ್ತರರು ಕಣ್ಣಾರೆ ಕಂಡರು. ಕಂಬದ ಮರೆಯಲ್ಲಿ ನಿಂತು, ಎರಡು ಬಸ್ಸು ತಪ್ಪಿಸಿಕೊಂಡು, ಅವರು ಲೋಟ ಕೆಳಗಿಡುವವರೆಗೂ ನೋಡಿದರು. ಅಲ್ಲಿಗೆ ಲೆಕ್ಕ ಸರಿಹೋಯಿತು. ಹೊಸ ಹಾಡಿನ ಸುದ್ದಿಯನ್ನು ಇವನು ನಮ್ಮ ಫೋನಿನಿಂದ ಅಳಿಸಿ ಅವರ ಕಿವಿಗೆ ಹಾಕುತ್ತಿದ್ದಾನೆ.

ಮುಂದಿನ ಶುಕ್ರವಾರ ತಾಲೀಮಿನಲ್ಲಿ ಅದು ಸ್ಫೋಟಿಸಿತು. ತಾಲೀಮು ನಡೆಯುತ್ತಿದ್ದುದು ಮರದ ಸಾಮಾನಿನ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಅಲ್ಲಿ ಜೋರಾಗಿ ಊದಿದರೆ ತೊಲೆಯ ಮೇಲಿನ ಮರದ ಹುಡಿ ಉದುರುತ್ತಿತ್ತು. ಅವತ್ತು ಹುಡಿ ಉದುರಿದ್ದು ಮಾಸ್ತರರ ಕೂಗಿಗೆ.

"ಕೆಂಪಿನವರು ಚಹಾದ ಜೊತೆ ಇನ್ನೇನು ಕೊಡ್ತಾರೋ ನಿಂಗೆ?"

ಪೀಪಿಗೆ ಮೊದಲು ಅರ್ಥವೇ ಆಗಲಿಲ್ಲ. "ಏನ್ ಭಾವ?"

"ನಾಟಕ ಬೇಡ. ಫೋನಿನ ಬಾಯಿ ಕಟ್ಟಿದ್ದು ಯಾರು? ಅದರಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ಗೊತ್ತಿರೋನು ನೀನೊಬ್ನೇ. ಉಂಡ ಮನೆಗೆ ಎರಡು ಬಗೆದೆಯಲ್ಲೋ!"

ಉಳಿದ ಹದಿಮೂರು ಜನ ತಮ್ಮ ತಮ್ಮ ವಾದ್ಯ ನೋಡಿಕೊಂಡರು. ಪೀಪಿ ಜಗಳವಾಡಲಿಲ್ಲ. ಆ ಡ್ರಮ್ಮಿನವನು ತನ್ನ ಶಾಲೆಯ ಗೆಳೆಯನೆಂದೂ ಹೇಳಲಿಲ್ಲ, ಹೊಸ ಬೂಟು ಅಕ್ಕನೇ ಕೊಡಿಸಿದ್ದೆಂದೂ ಹೇಳಲಿಲ್ಲ. ಕ್ಲಾರಿಯೊನೆಟ್ಟನ್ನು ಐದು ಭಾಗವಾಗಿ ಬಿಚ್ಚಿ, ಒಂದೊಂದನ್ನೂ ಒರೆಸಿ ಪೆಟ್ಟಿಗೆಯಲ್ಲಿಟ್ಟ. ನೀಲಿ ಕೋಟು ಕಳಚಿ ಮಡಚಿ ಕುರ್ಚಿಯ ಮೇಲಿಟ್ಟ. "ಮೂವತ್ತೊಂದು ವರ್ಷ ಆಯ್ತು ಭಾವ," ಎಂದಷ್ಟೇ ಹೇಳಿ ಹೊರಟುಹೋದ. ಮಾಸ್ತರರಿಗೆ ಅದರಲ್ಲೂ ಅನುಮಾನ: ತಪ್ಪಿಲ್ಲದವನು ಹೀಗೆ ಸುಮ್ಮನೆ ಹೋಗುತ್ತಾನೆಯೇ?

ಆಮೇಲಿನ ಎರಡು ತಿಂಗಳು ಅವರು ಕೆಂಪು ಬ್ಯಾಂಡಿನ ಸಾಲಿನಲ್ಲಿ ಪೀಪಿಯನ್ನು ಹುಡುಕಿದರು. ಅವರ ಮೆರವಣಿಗೆ ಹೋಗುವ ಕಡೆಯೆಲ್ಲ ಅಂಗಡಿ ಮೆಟ್ಟಿಲಿನ ಮೇಲೆ ನಿಂತು ತಲೆ ಎಣಿಸಿದರು. ಪೀಪಿ ಇರಲಿಲ್ಲ. ಇಲ್ಲದಿದ್ದುದಕ್ಕೆ ನೆಮ್ಮದಿಯಾಗಬೇಕಿತ್ತು, ಬದಲಿಗೆ ಮತ್ತೊಮ್ಮೆ ಮೊದಲಿನಿಂದ ಎಣಿಸಿದರು. ಬ್ಯಾಂಡಿನಲ್ಲಿ ಅವರ ಟ್ರಂಪೆಟ್ ಉತ್ತರ ಕೊಡುತ್ತಿತ್ತು, ಕೇಳುವವರೇ ಇರಲಿಲ್ಲ. ಮನೆಯಲ್ಲಿ ಹೆಂಡತಿ ತಟ್ಟೆ ತಂದಿಡುತ್ತಿದ್ದಳು, ಬಡಿಸುತ್ತಿದ್ದಳು, ಮಾತು ಮಾತ್ರ ಇಲ್ಲ. ಉಪ್ಪು ಬೇಕೇ ಎಂಬುದನ್ನು ಸಹ ಮಗಳ ಮೂಲಕ ಕೇಳಿಸುತ್ತಿದ್ದಳು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಬೆಳಿಗ್ಗೆ ಮಾಸ್ತರರು ಅವಳ ಮುಂದೆ ಬ್ಯಾಂಡಿನ ಫೋನಿಟ್ಟರು. "ನಿನ್ನ ಮಾಮ ಇದರಲ್ಲಿ ಏನು ಕಿತಾಪತಿ ಮಾಡಿದ್ದಾನೆ ನೋಡು. ನಂಗೆ ಸಾಕ್ಷಿ ಬೇಕು."

ಅವಳು ಆ್ಯಪ್ ತೆರೆದು ಗಂಟೆಯ ಚಿತ್ರ ಒತ್ತಿದಳು. "ಏನೂ ಅಳಿಸಿಲ್ಲ ಅಪ್ಪ. ಒಂಬತ್ತು ಜನರನ್ನೂ ಫಾಲೋ ಮಾಡಿದಾರೆ. ಅವರು ಬಿಟ್ಟ ಹೊಸ ಹಾಡೆಲ್ಲ ಇಲ್ಲಿ ಸಾಲಾಗಿ ಇದೆ ನೋಡಿ." ಇತ್ತು. ಕೆಂಪು ಬ್ಯಾಂಡಿನವರು ಊದಿದ ಮೂರು ಹಾಡೂ ಇದ್ದವು, ಯಾರೂ ತೆರೆದಿರಲಿಲ್ಲ. ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಹೊಸ ಬಿಡುಗಡೆಯ ಗುಂಡಿಯೂ ಆನ್ ಇತ್ತು.

"ಮತ್ತೆ ಯಾಕೆ ಕೂಗಲ್ಲ?"

ಮಗಳು ಆ್ಯಪಿನಿಂದ ಹೊರಬಂದು ಫೋನಿನ ಸೆಟ್ಟಿಂಗ್ಸಿಗೆ ಹೋದಳು. "ಇಲ್ಲಿದೆ. ಆ್ಯಪಿನ ಒಳಗೆ ಏನೇ ಆನ್ ಇದ್ರೂ, ಫೋನೇ ಅದಕ್ಕೆ ಬಾಯಿ ಬಿಡಬೇಡ ಅಂದ್ರೆ ಮುಗೀತು. ಈ ಆ್ಯಪಿನ ನೋಟಿಫಿಕೇಶನ್ ಪೂರ್ತಿ ಆಫ್ ಆಗಿದೆ."

ಮಾಸ್ತರರು ತೊಡೆ ತಟ್ಟಿದರು. "ಅದೇ! ಅವನೇ ಮಾಡಿದ್ದು!"

"ಯಾರು ಬೇಕಾದ್ರೂ ಮಾಡಬಹುದಪ್ಪ. ಇಷ್ಟೇ ಅದು." ಅವಳು ತನ್ನ ಫೋನಿಗೆ ಬಂದಿದ್ದ ಯಾವುದೋ ಜಾಹೀರಾತಿನ ನೋಟಿಫಿಕೇಶನ್ನಿನ ಮೇಲೆ ಬೆರಳು ಒತ್ತಿ ಹಿಡಿದಳು. ಒಂದು ಚೌಕ ಮೇಲೆದ್ದಿತು. "ಇದೊಂದು ಬಗೆ ಬೇಡ ಅಂತ ಹೇಳೋಕೆ ಒಂದು ಗುಂಡಿ. ಈ ಆ್ಯಪಿಂದ ಏನೂ ಬೇಡ ಅಂತ ಹೇಳೋಕೆ ಇನ್ನೊಂದು. ಅವಸರದಲ್ಲಿ ಇರೋರು ಎರಡನೇದನ್ನ ಒತ್ತಿಬಿಡ್ತಾರೆ."

ಮಾಸ್ತರರು ಆ ಚೌಕವನ್ನೇ ನೋಡಿದರು. ತಲೆಗಿಂತ ಮೊದಲು ಹೆಬ್ಬೆರಳಿಗೆ ಗುರುತು ಸಿಕ್ಕಿತು. ಕಾರ್ಖಾನೆ, ನಾನೂರು ಜನರ ಮೌನ, ಟಣ್. ಅವರು ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವರ ಸ್ಥಿತಿ. ಮಗಳಿಗೆ ಅಷ್ಟೇ ಸಾಕಾಯಿತು.

"ನೀವೇನಾ ಅಪ್ಪ?"

ಮಾಸ್ತರರಿಗೆ ನಾಚಿಕೆಯಿಂದ ಕಿವಿಯವರೆಗೂ ಸುಡುತ್ತಿತ್ತು. ಹದಿಮೂರು ಜನರೆದುರು ಆಡಿದ ಮಾತು ಒಂದೊಂದೇ ನೆನಪಾಯಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅದರಲ್ಲೂ ಅವರು ಕೊಯ್ದಿದ್ದು ಇನ್ನೊಬ್ಬನ ಮೂಗು. ಕೊನೆಗೆ ಕೇಳಿದರು: "ಅವನು ಈಗ ಎಲ್ಲಿ ಊದ್ತಾನೆ?"

ಮಗಳು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಆ್ಯಪಿನಲ್ಲಿ ಏನೋ ಹುಡುಕಿ ಫೋನು ತಿರುಗಿಸಿದಳು. ಪೀಪಿಯ ಫೋಟೊ, ಕೈಯಲ್ಲಿ ಕ್ಲಾರಿಯೊನೆಟ್, ಕೆಳಗೆ ಮೂರು ರಾಗ. "ಮಾಮ ಒಂದು ಹೊಸ ಫೋನ್ ತಗೊಂಡ್ರು. ಅವರ ರೂಮಲ್ಲೇ ರೆಕಾರ್ಡ್ ಮಾಡಿ ನಾನೇ ಹಾಕಿಸಿ ಕೊಟ್ಟೆ. ಹನ್ನೊಂದು ಜನ ಫಾಲೋ ಮಾಡ್ತಿದಾರೆ."

"ನೀನೂ?"

"ನಾನು ಎರಡನೆಯವಳು. ಮೊದಲನೇದು ಅಮ್ಮ."

ತಮ್ಮದೇ ಸೂರಿನ ಕೆಳಗೆ ಇಷ್ಟು ದೊಡ್ಡ ಸಂಚು ನಡೆದಿದ್ದರೂ ಅದರ ಸುಳಿವು ಸಿಗದೆ ಹೋದದ್ದು ಮಾಸ್ತರರ ಜೀವನದಲ್ಲೇ ಮೊದಲು. ಬೇರೆ ದಿನವಾಗಿದ್ದರೆ ರಂಪವಾಗುತ್ತಿತ್ತು. ಅವತ್ತು ಅವರು ಕೇಳಿದ್ದು ಬೇರೆ: "ನಾನು ಸೇರಿದ್ರೆ ಅವನಿಗೆ ಗೊತ್ತಾಗುತ್ತಾ?"

"ಸಂಖ್ಯೆ ಏರಿದ್ದು ಕಾಣುತ್ತೆ. ಯಾರು ಅಂತ ಕಾಣಲ್ಲ."

ಅದು ಅವರಿಗೆ ಒಪ್ಪಿಗೆಯಾಯಿತು. ಕ್ಷಮೆ ಕೇಳುವುದಕ್ಕೆ ಮುಖ ತೋರಿಸದೆ ಇರುವ ಒಂದು ದಾರಿ ಇದೆಯೆಂದರೆ ಬಿಡುವವರೇ! ಮಗಳು ಕೆಲಸಕ್ಕೆ ಹೋದ ಮೇಲೆ ಒಬ್ಬರೇ ಕೂತು ಪೀಪಿಯ ಮೂರೂ ರಾಗ ಕೇಳಿ, ಮೂರಕ್ಕೂ ಪಕ್ಕದಲ್ಲಿದ್ದ ಹೃದಯದ ಗುರುತನ್ನು ಒತ್ತಿದರು. ಮರುದಿನ ನೋಡಿದರು, ಹನ್ನೊಂದು. ಅದರ ಮರುದಿನವೂ ಹನ್ನೊಂದೇ. ಎಣಿಸುವವರೇ ಮೋಸ ಮಾಡುತ್ತಿದ್ದಾರೆಂದು ಮಗಳ ಹತ್ತಿರ ದೂರು ಹೇಳಿದರು.

ಅವಳು ನಕ್ಕುಬಿಟ್ಟಳು. "ಅಪ್ಪ, ಹೃದಯ ಒತ್ತಿದ್ರೆ ಹಾಡು ಇಷ್ಟ ಅಂತ ಅಷ್ಟೆ. ಅದು ನಿಮ್ಮ ಪಟ್ಟಿಗೆ ಬಂದು ಕೂರುತ್ತೆ. ಮನುಷ್ಯ ಬೇಕು ಅಂದ್ರೆ ಅವರ ಪುಟಕ್ಕೇ ಹೋಗಿ ಫಾಲೋ ಒತ್ತಬೇಕು."

ಒತ್ತಿದರು. ಆಮೇಲೆ ಅವಳ ಪಕ್ಕ ಕೂತು, ಪೀಪಿ ನಾಳೆ ನಾಳೆ ಎಂದು ಬಿಟ್ಟಿದ್ದ ಕೆಲಸವನ್ನೂ ಮುಗಿಸಿದರು. ಮೊದಲು ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಪಿನ ಬಾಯಿ ಬಿಚ್ಚಿದರು. ಬಳಿಕ ಆ್ಯಪಿನ ಒಳಗೆ ಹೋಗಿ ಮಿಕ್ಸು, ಪಾಡ್‌ಕಾಸ್ಟು, ಕಾರ್ಯಕ್ರಮ, ಅರ್ಧ ಬೆಲೆ ಎಲ್ಲವನ್ನೂ ಒಂದೊಂದಾಗಿ ಆಫ್ ಮಾಡಿದರು. ಹೊಸ ಬಿಡುಗಡೆಯೊಂದನ್ನೇ ಉಳಿಸಿಕೊಂಡರು. ಮುಗಿದ ಮೇಲೂ ಮೂರು ಸಲ ತೆರೆದು ನೋಡಿದರು, ಬೀಗ ಜಗ್ಗಿದ ಹಾಗೆ. ಮರುದಿನ ಬೆಳಿಗ್ಗೆ ಪೀಪಿಯ ಪುಟದಲ್ಲಿ ಹನ್ನೆರಡು ಎಂದಿತ್ತು.

ಎರಡು ವಾರ ಕಳೆಯಿತು. ಹೊಸ ಹಾಡುಗಳು ಬಂದವು, ಫೋನು ಕೂಗಿತು, ಬ್ಯಾಂಡಿನವರು ತಡವರಿಸುತ್ತಾದರೂ ಸಂಜೆಗೆ ಊದಿದರು. ಮಾಸ್ತರರು ತಾವೇ ಬಾಯಿ ಬಿಟ್ಟು, ಫೋನಿನ ಬಾಯಿ ಕಟ್ಟಿದ್ದು ತಾವೇ ಎಂದು ಹದಿಮೂರು ಜನಕ್ಕೂ ಹೇಳಿದರು. ಹೇಳುವಾಗ ನೆಲ ನೋಡುತ್ತಿದ್ದರು. ಪೀಪಿಯ ಮನೆಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಅವನ ಬೀದಿಯವರೆಗೆ ಎರಡು ಸಲ ಹೋಗಿ, ಎದುರು ಬದಿಯ ಫುಟ್‌ಪಾತಿನಿಂದಲೇ ವಾಪಸು ಬಂದರು.

ಒಂದು ಶುಕ್ರವಾರ ತಾಲೀಮಿನ ನಡುವೆ ಸ್ಪೀಕರಿನಿಂದ "ಟಣ್" ಎಂದಿತು. ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಪೀಪಿಯ ಹೊಸ ಬಿಡುಗಡೆ. "ಯಾರೂ ಊದಬೇಡಿ," ಎಂದು ಹಾಡು ಹಾಕಿದರು.

ಅದು ಅವರಿಬ್ಬರೂ ಸೇರಿ ಕಟ್ಟಿದ್ದ ಹಳೆಯ ಮಾರ್ಚು, ಮೂವತ್ತೊಂದು ವರ್ಷ ಪ್ರತಿ ಮೆರವಣಿಗೆಯಲ್ಲೂ ಮೊದಲು ಊದುತ್ತಿದ್ದುದು. ಕ್ಲಾರಿಯೊನೆಟ್ ಒಂದು ಸಾಲು ಕೇಳಿತು. ಆಮೇಲೆ ಏನೂ ಇಲ್ಲ. ಫೋನು ಕೆಟ್ಟಿತೇ ಎಂದು ತಮ್ಮ ಬ್ಯಾಂಡಿನ ಡ್ರಮ್ಮಿನವನು ಬಗ್ಗಿದ. ಕೆಟ್ಟಿರಲಿಲ್ಲ, ಎಂಟು ಪೆಟ್ಟಿನಷ್ಟು ಹೊತ್ತು ಖಾಲಿ ಬಿಟ್ಟು ಕ್ಲಾರಿಯೊನೆಟ್ ಎರಡನೇ ಸಾಲು ಊದಿತು. ಮತ್ತೆ ಎಂಟು ಪೆಟ್ಟು ಖಾಲಿ. ಕೇಳುವ ಬೇರೆ ಹನ್ನೊಂದು ಜನಕ್ಕೆ ಅದು ತಪ್ಪಾಗಿ ಕಂಡಿರಬೇಕು. ಆ ಜಾಗ ಯಾರದೆಂದು ಮಾಸ್ತರರಿಗೆ ಗೊತ್ತಿತ್ತು. ಅವರು ಟ್ರಂಪೆಟ್ ಎತ್ತಿಕೊಂಡರು. ಮೂರನೇ ಖಾಲಿಯಲ್ಲಿ ತಮ್ಮ ಸಾಲು ಊದಲು ಹೋದರೆ ತುಟಿ ನಡುಗಿ ಸ್ವರ ಒಡೆಯಿತು. ನಾಲ್ಕನೆಯದರಲ್ಲಿ ಸರಿಯಾಗಿ ಬಂತು. ತೊಲೆಯಿಂದ ಮರದ ಹುಡಿ ಉದುರಿತು.

ಹಾಡು ಮುಗಿದ ಕೂಡಲೇ ಅವರು ಗೋದಾಮಿನ ಹೊರಗೆ ನಿಂತು ಪೀಪಿಗೆ ಫೋನು ಮಾಡಿದರು.

"ನನ್ನ ಜಾಗ ಖಾಲಿ ಬಿಟ್ಟಿದ್ದೀಯಲ್ಲೋ."

ಆ ಕಡೆ ಕ್ಲಾರಿಯೊನೆಟ್ ಕೆಳಗಿಟ್ಟ ಸದ್ದಾಯಿತು. "ಹನ್ನೆರಡನೆಯವರು ಯಾರಿರಬಹುದು ಅಂತ ಅನುಮಾನ ಇತ್ತು ಭಾವ," ಎಂದ ಪೀಪಿ. "ಪರೀಕ್ಷೆ ಮಾಡೋಣ ಅಂತ ಹಾಗೆ ಬಿಟ್ಟೆ. ಜೀವನದಲ್ಲಿ ಮೊದಲನೇ ಸಲ ಅನುಮಾನ ಪಟ್ಟೆ, ನೋಡಿ, ನಿಜ ಆಯ್ತು."

"ತಪ್ಪಾಯ್ತಪ್ಪ ನಂದು," ಎಂದರು ಮಾಸ್ತರರು. ಜೀವನದಲ್ಲಿ ಅಲ್ಲಿಯವರೆಗೆ ಯಾರ ಹತ್ತಿರವೂ ಆಡದಿದ್ದ ಮಾತು ಅದು. "ಆ ಫೋನಿನ ಬಾಯಿ ಕಟ್ಟಿದ್ದು ನೀನಲ್ಲ. ನಾನೇ, ಈ ನನ್ನ ಹೆಬ್ಬೆರಳೇ."

"ಗೊತ್ತು ಭಾವ. ನಿಮ್ಮ ಮಗಳು ಅವತ್ತೇ ಹೇಳಿದ್ಲು."

"ಮತ್ತೆ ಯಾಕೋ ಸುಮ್ನಿದ್ದೆ?"

"ನೀವು ಹೇಳ್ಲಿ ಅಂತ."

ಮಾಸ್ತರರು ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡರು, ಒಳಗಿನವರು ಯಾರಾದರೂ ನೋಡುತ್ತಿದ್ದಾರೇನೋ ಎಂದು ಆಗಲೂ ಒಮ್ಮೆ ತಿರುಗಿ ನೋಡಿ. ಕೋಟು ಇನ್ನೂ ಆ ಕುರ್ಚಿಯ ಮೇಲೇ ಇದೆಯೆಂದೂ, ಯಾರನ್ನೂ ಅದರ ಮೇಲೆ ಕೂರಲು ಬಿಟ್ಟಿಲ್ಲವೆಂದೂ ಹೇಳಿದರು.

"ಬರ್ತೀನಿ," ಎಂದ ಪೀಪಿ. ನಾಳೆ ಎನ್ನಲಿಲ್ಲ.